ತುಳು, ಕನ್ನಡ, ಇಂಗ್ಲಿಷ್: ಭಾಷೆ ಜಾಸ್ತಿಯಾದರೆ ಮನಸ್ಸಿನ ಹಿಡಿತವೂ ಜಾಸ್ತಿಯಾ?

ಪ್ರಶ್ನೆ: ನಾವು ಮಂಗಳೂರಿನ ಬಿಜೈಯವರು. ಮನೆಯಲ್ಲಿ ತುಳು, ಅಕ್ಕಪಕ್ಕದವರ ಹತ್ತಿರ ಕನ್ನಡ, ಮಗಳ ಶಾಲೆಯಲ್ಲಿ ಇಂಗ್ಲಿಷ್. ಅವಳಿಗೆ ಏಳು ವರ್ಷ. ಎರಡು ಭಾಷೆ ಮಾತಾಡುವ ಮಕ್ಕಳಿಗೆ ಗಮನ, ಮನಸ್ಸಿನ ಹಿಡಿತ ಜಾಸ್ತಿ ಅಂತ ಒಂದು ಕಡೆ ಓದಿದೆ. ಅದೆಲ್ಲ ಸುಳ್ಳು ಅಂತ ಇನ್ನೊಂದು ಕಡೆ ಓದಿದೆ. ಅವಳ ಟೀಚರ್ ಮನೆಯಲ್ಲಿ ತುಳು ಕಡಿಮೆ ಮಾಡಿ ಅನ್ನುತ್ತಾರೆ. ನನ್ನ ಮಾವ ಮಾತ್ರ, ನಾಲ್ಕು ಭಾಷೆ ಬರುವುದರಿಂದಲೇ ನನ್ನ ನೆನಪು ಗಟ್ಟಿ ಇದೆ ಅನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ಮಗಳ ವಿಷಯದಲ್ಲಿ ಈಗಿನ ಪುರಾವೆ ಹೇಳುವುದು ಇಷ್ಟು. ಎರಡು ಭಾಷೆಯಿಂದ ಗಮನದ ಹಿಡಿತ ಹೆಚ್ಚುತ್ತದೆ ಅನ್ನುವುದು ದೊಡ್ಡ ಅಧ್ಯಯನಗಳಲ್ಲಿ ನಿಂತಿಲ್ಲ. ಟೀಚರ್ ಹೇಳಿದ್ದಕ್ಕೂ ಆಧಾರ ಇಲ್ಲ. ಮಾವನವರ ಮಾತು ಇನ್ನೂ ತೀರ್ಮಾನ ಆಗದ ವಿಷಯ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಹೌದು, ಇಲ್ಲ ಅಂತ ಬರೀ ಹೇಳಿಬಿಟ್ಟರೆ ನಾಳೆ ಇನ್ನೊಂದು ಲೇಖನ ಓದಿ ನಿಮಗೆ ಮತ್ತೆ ಗೊಂದಲ ಆಗುತ್ತದೆ. ಅದಕ್ಕೇ ಈ ಜಗಳ ಎಲ್ಲಿ ಹುಟ್ಟಿತು, ಯಾಕೆ ಬಗೆಹರಿಯುತ್ತಿಲ್ಲ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲ ಆಲೋಚನೆ ತುಂಬ ಸಹಜವಾದದ್ದು. ನಿಮ್ಮ ಮಗಳು ಅಂಗಳದಲ್ಲಿ ಬೆಕ್ಕು ನೋಡಿದಳು ಅಂತಿಟ್ಟುಕೊಳ್ಳಿ. ಅವಳ ತಲೆಯಲ್ಲಿ ‘ಪುಚ್ಚೆ’ ಏಳುತ್ತದೆ, ‘ಬೆಕ್ಕು’ ಏಳುತ್ತದೆ, ‘ಕ್ಯಾಟ್’ ಕೂಡ ಏಳುತ್ತದೆ. ಒಂದು ಭಾಷೆ ಮಾತಾಡುವಾಗ ಇನ್ನೊಂದು ಪೂರ್ತಿ ಮಲಗಿರುವುದಿಲ್ಲ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ, ಅದರ ಬಗ್ಗೆ ಹೆಚ್ಚು ತಕರಾರಿಲ್ಲ. ಹಾಗಾದರೆ ಟೀಚರ್ ಎದುರು ‘ಕ್ಯಾಟ್’ ಅನ್ನಬೇಕಾದರೆ ಉಳಿದ ಎರಡನ್ನು ತಡೆದು ಹಿಡಿಯಬೇಕಲ್ವಾ? 1998ರಲ್ಲಿ ಡೇವಿಡ್ ಗ್ರೀನ್ ಎಂಬ ಬ್ರಿಟಿಷ್ ಸಂಶೋಧಕರು ಇದನ್ನೇ ಒಂದು ಮಾದರಿಯಾಗಿ ಬರೆದರು. ಬೇಡದ ಭಾಷೆಯನ್ನು ತಡೆಯುವ ಕೆಲಸವನ್ನು ಮನಸ್ಸಿನ ಸಾಮಾನ್ಯ ಹಿಡಿತವೇ ಮಾಡುತ್ತದೆ ಅಂದರು. ಈ ಹಿಡಿತಕ್ಕೆ ಮನೋವಿಜ್ಞಾನದಲ್ಲಿ ಎಕ್ಸಿಕ್ಯೂಟಿವ್ ಫಂಕ್ಷನ್ ಅನ್ನುತ್ತಾರೆ. ಬೇಡದ್ದನ್ನು ತಡೆಯುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದು, ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಆಗಾಗ ಬದಲಿಸಿಕೊಳ್ಳುವುದು, ಈ ಮೂರು ಅದರಲ್ಲಿ ಮುಖ್ಯ. ದಿನವಿಡೀ ಭಾಷೆ ತಡೆದು ತಡೆದು ಈ ಹಿಡಿತ ಪಳಗಿದರೆ, ಭಾಷೆಗೆ ಸಂಬಂಧವೇ ಇಲ್ಲದ ಕೆಲಸದಲ್ಲೂ ಅದು ಕಾಣಬೇಕು. ವಾದ ಇಷ್ಟೇ. ಕೇಳಲಿಕ್ಕೆ ಚಂದ ಇದೆ. ಪರೀಕ್ಷೆ ಮಾಡಲಿಕ್ಕೂ ಬರುತ್ತದೆ.

ಪರೀಕ್ಷೆ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡಿದರೆ ಅರ್ಧ ಜಗಳ ಅಲ್ಲೇ ಅರ್ಥ ಆಗುತ್ತದೆ. ಹೆಚ್ಚು ಬಳಸುವ ಒಂದರ ಹೆಸರು ಫ್ಲ್ಯಾಂಕರ್. ಕಂಪ್ಯೂಟರ್ ಪರದೆ ಮೇಲೆ ಸಾಲಾಗಿ ಐದು ಬಾಣ ಬರುತ್ತವೆ. ನಡುವಿನ ಬಾಣ ಯಾವ ಕಡೆ ತೋರಿಸುತ್ತದೋ ಆ ಕಡೆಯ ಬಟನ್ ಒತ್ತಬೇಕು. ಮಕ್ಕಳಿಗೆ ಬಾಣದ ಬದಲು ಮೀನಿನ ಚಿತ್ರ ಇರುವುದುಂಟು. (ನಮ್ಮೂರಿನ ಮಕ್ಕಳು ಅದು ಬಂಗುಡೆಯಾ ಬೂತಾಯಿಯಾ ಅಂತ ಮೊದಲು ಕೇಳುತ್ತಾರೆ, ಆ ಮಾತು ಬೇರೆ.) ಐದೂ ಮೀನು ಒಂದೇ ಕಡೆ ಮುಖ ಮಾಡಿದ್ದರೆ ಸುಲಭ. ನಡುವಿನದು ಎಡಕ್ಕೆ, ಅಕ್ಕಪಕ್ಕದ ನಾಲ್ಕೂ ಬಲಕ್ಕೆ ಇದ್ದರೆ ಕಷ್ಟ. ಆಗ ಅಕ್ಕಪಕ್ಕದವುಗಳ ಸೆಳೆತ ತಡೆದು ಒತ್ತಬೇಕು, ಸ್ವಲ್ಪ ತಡವಾಗುತ್ತದೆ. ಕಷ್ಟದ ಸಲದ ಸರಾಸರಿ ಸಮಯದಿಂದ ಸುಲಭದ ಸಲದ ಸರಾಸರಿ ಕಳೆದರೆ ಸಿಗುವ ವ್ಯತ್ಯಾಸವೇ ಅಂಕ. ವ್ಯತ್ಯಾಸ ಕಡಿಮೆ ಇದ್ದಷ್ಟೂ ಹಿಡಿತ ಜಾಸ್ತಿ ಅಂತ ಓದುತ್ತಾರೆ.

ನಿಮ್ಮ ಮಗಳನ್ನೇ ಕೂರಿಸಿದೆವು ಅಂತಿಟ್ಟುಕೊಳ್ಳೋಣ. ಇದು ಲೆಕ್ಕ ತೋರಿಸಲಿಕ್ಕೆ ನಾನು ಹಾಕಿದ ಸಂಖ್ಯೆ ಅಷ್ಟೇ. ಸುಲಭದ ಸಲ ಅವಳು ಸರಾಸರಿ 900 ಮಿಲಿಸೆಕೆಂಡಿನಲ್ಲಿ ಒತ್ತಿದಳು. ಕಷ್ಟದವು 20 ಇದ್ದವು, ಪ್ರತಿಯೊಂದಕ್ಕೂ 1,000 ಮಿಲಿಸೆಕೆಂಡ್ ಬೇಕಾಯಿತು. ವ್ಯತ್ಯಾಸ 100. ಈಗ ಆ ಇಪ್ಪತ್ತರಲ್ಲಿ ಎರಡೇ ಎರಡು ಸಲ ಅವಳು ಬಾಗಿಲ ಕಡೆ ತಿರುಗಿ ಅಮ್ಮ ಇದ್ದಾಳಾ ಅಂತ ನೋಡಿದಳು. ಆ ಎರಡಕ್ಕೆ 2,500 ಮಿಲಿಸೆಕೆಂಡ್ ಹಿಡಿಯಿತು. ಹದಿನೆಂಟು ಸಲದ್ದು 18,000, ಈ ಎರಡರದ್ದು 5,000, ಒಟ್ಟು 23,000. ಇಪ್ಪತ್ತರಿಂದ ಭಾಗಿಸಿದರೆ 1,150. ವ್ಯತ್ಯಾಸ 100 ಇದ್ದದ್ದು 250 ಆಯಿತು. ಮಗು ಅದೇ, ಭಾಷೆ ಅವೇ. ಅಮ್ಮನ ಕಡೆ ನೋಡಿದ್ದಕ್ಕೆ ಅಂಕ ಎರಡೂವರೆ ಪಟ್ಟು ಕೆಟ್ಟಿತು.

ಇಂಥ ಅತಿ ನಿಧಾನದ ಉತ್ತರಗಳನ್ನು ಸಂಶೋಧಕರು ಬಿಟ್ಟುಬಿಡುತ್ತಾರೆ, ನಿಜ. ಆದರೆ ಎಲ್ಲಿ ಗೆರೆ ಎಳೆಯಬೇಕು? 1,500ಕ್ಕಾ, 2,000ಕ್ಕಾ, ಅವಳದೇ ಸರಾಸರಿಯಿಂದ ಇಷ್ಟು ದೂರ ಅಂತಲಾ? ಒಬ್ಬೊಬ್ಬರು ಒಂದೊಂದು ಕಡೆ ಎಳೆಯುತ್ತಾರೆ. ಗೆರೆ ಬದಲಾದರೆ ಅಂಕವೂ ಬದಲು. ಎರಡು ಭಾಷೆಯವರಿಗೂ ಒಂದು ಭಾಷೆಯವರಿಗೂ ಇರುವ ಅಂತರ ಅಂತ ಲೇಖನಗಳಲ್ಲಿ ಬರುವುದು ಸಾಮಾನ್ಯವಾಗಿ ಕೆಲವೇ ಹತ್ತು ಮಿಲಿಸೆಕೆಂಡ್. ಹಾಗಿರುವಾಗ ಗುಂಪಿನಲ್ಲಿ ಮಕ್ಕಳು ಕಡಿಮೆ ಇದ್ದರೆ ಇಂಥ ಸಣ್ಣಪುಟ್ಟ ಏರುಪೇರೇ ಫಲಿತಾಂಶ ಆಗಿಬಿಡಬಹುದು.

ಇನ್ನೊಂದು ತೊಡಕು ಇದೆ. ಬ್ರಿಟನ್ನಿನ ಕಾರ್ಡಿಫ್‌ನ ಸಂಶೋಧಕರು ಅದೇ ಜನರಿಗೆ ಅದೇ ಪರೀಕ್ಷೆಗಳನ್ನು ಮೂರು ವಾರದ ಅಂತರದಲ್ಲಿ ಎರಡು ಸಲ ಕೊಟ್ಟು 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಷ್ಟದ ಸಲ ತಡ ಆಗುತ್ತದೆ ಅನ್ನುವುದು ಎಲ್ಲರಲ್ಲೂ ಸ್ಪಷ್ಟವಾಗಿ ಕಂಡಿತು. ಆದರೆ ಯಾರಿಗೆ ಕಡಿಮೆ ತಡ, ಯಾರಿಗೆ ಜಾಸ್ತಿ ಅನ್ನುವ ಕ್ರಮ ಎರಡನೇ ಸಲಕ್ಕೆ ಸಾಕಷ್ಟು ಅದಲುಬದಲಾಗಿತ್ತು. ಅಂದರೆ ಈ ಪರೀಕ್ಷೆಗಳು ಎಲ್ಲರ ಮನಸ್ಸಿನಲ್ಲೂ ಹೀಗೊಂದು ಎಳೆದಾಟ ಇದೆ ಅಂತ ತೋರಿಸಲಿಕ್ಕೆ ಚೆನ್ನಾಗಿವೆ. ಒಬ್ಬರಿಗಿಂತ ಇನ್ನೊಬ್ಬರು ಮೇಲು ಅಂತ ಹೇಳಲಿಕ್ಕೆ ಅಷ್ಟು ಒಳ್ಳೆಯವಲ್ಲ. ನಮಗೆ ಬೇಕಿದ್ದದ್ದು ಎರಡನೆಯದು.

ಈಗ ಆ ಪ್ರಸಿದ್ಧ ಅಧ್ಯಯನಕ್ಕೆ ಬರೋಣ. ಈ ವಿಷಯದಲ್ಲಿ ಅತಿ ಹೆಚ್ಚು ಕೇಳಿಬರುವ ಹೆಸರು ಕೆನಡಾದ ಟೊರಾಂಟೋದ ಯಾರ್ಕ್ ವಿಶ್ವವಿದ್ಯಾಲಯದ ಎಲೆನ್ ಬಿಯಾಲಿಸ್ಟಾಕ್ ಅವರದು. 2004ರಲ್ಲಿ ಅವರೂ ಫರ್ಗಸ್ ಕ್ರೇಕ್, ರೇಮಂಡ್ ಕ್ಲೈನ್, ಮೈಥಿಲಿ ವಿಶ್ವನಾಥನ್ ಅವರೂ ಸೇರಿ ಒಂದು ಲೇಖನ ಪ್ರಕಟಿಸಿದರು. ಬಳಸಿದ್ದು ಸೈಮನ್ ಪರೀಕ್ಷೆ, ಫ್ಲ್ಯಾಂಕರ್‌ನ ತಂಗಿ ಅನ್ನಬಹುದು. ಒಂದು ಬಣ್ಣದ ಚೌಕ ಬಂದರೆ ಎಡ ಬಟನ್, ಇನ್ನೊಂದು ಬಣ್ಣಕ್ಕೆ ಬಲ ಬಟನ್. ಎಡ ಬಟನ್ನಿನ ಬಣ್ಣ ಪರದೆಯ ಬಲಗಡೆ ಬಂದರೆ ಕೈ ತಡವರಿಸುತ್ತದೆ. ಆ ತಡವೇ ಅಂಕ.

ಅದರ ಮೊದಲ ಭಾಗದಲ್ಲಿ 40 ಜನ. ನಡುವಯಸ್ಸಿನವರು ಅರ್ಧ, ವಯಸ್ಸಾದವರು ಅರ್ಧ. ಪ್ರತಿ ವಯಸ್ಸಿನಲ್ಲೂ ಅರ್ಧ ಜನ ಬರೀ ಇಂಗ್ಲಿಷ್ ಬರುವ ಕೆನಡಾದವರು. ಉಳಿದ ಅರ್ಧ ತಮಿಳು, ಇಂಗ್ಲಿಷ್ ಎರಡೂ ಆಡುವವರು, ಅವರು ಇದ್ದದ್ದು ಭಾರತದಲ್ಲೇ. ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು. ವಯಸ್ಸಾದ ಒಂದು ಭಾಷೆಯವರಲ್ಲಿ ತಡ ಸುಮಾರು 1,700 ಮಿಲಿಸೆಕೆಂಡ್. ಎರಡು ಭಾಷೆಯವರಲ್ಲಿ ಸುಮಾರು 750. ನಡುವಯಸ್ಸಿನವರಲ್ಲೂ ಎರಡು ಭಾಷೆಯವರೇ ಬಹಳ ಮುಂದೆ. ನೀವು ಓದುವ ‘ಎರಡು ಭಾಷೆ, ಚುರುಕು ಮೆದುಳು’ ಅನ್ನುವ ಸುದ್ದಿಗಳ ಬೇರು ಹುಡುಕುತ್ತಾ ಹೋದರೆ ಎಷ್ಟೋ ಸಲ ಈ ಲೇಖನಕ್ಕೇ ಬಂದು ನಿಲ್ಲುತ್ತದೆ.

ಈಗ ಸ್ವಲ್ಪ ತಡೆದು ಯೋಚಿಸಿ. ಸೈಮನ್ ಪರೀಕ್ಷೆಯಲ್ಲಿ ತಡ ಸಾಮಾನ್ಯವಾಗಿ ಕೆಲವು ಹತ್ತು ಮಿಲಿಸೆಕೆಂಡ್ ಇರುತ್ತದೆ. ಇಲ್ಲಿ ಅದು ಒಂದೂವರೆ ಸೆಕೆಂಡಿಗೂ ಜಾಸ್ತಿ. ವಯಸ್ಸಾಗಿದೆ ಅಂದರೂ ಅದು ವಿಚಿತ್ರ. ಎರಡನೆಯದು, ಒಂದೊಂದು ಗುಂಪಿನಲ್ಲಿ ಇದ್ದದ್ದು ಹತ್ತೇ ಜನ. ಮೂರನೆಯದು ನನ್ನ ಪ್ರಕಾರ ದೊಡ್ಡದು. ಒಂದು ಗುಂಪು ಕೆನಡಾದಲ್ಲಿ, ಇನ್ನೊಂದು ಭಾರತದಲ್ಲಿ. ಓದು, ಬುದ್ಧಿಪರೀಕ್ಷೆಯ ಅಂಕ ಇವೆಲ್ಲ ಹೋಲುವಂತೆ ನೋಡಿಕೊಂಡಿದ್ದರು. ಆದರೆ ಊಟ, ಕೂಡುಕುಟುಂಬ, ವಯಸ್ಸಾದ ಮೇಲೆ ಮಾಡುವ ಕೆಲಸ, ಪರೀಕ್ಷೆಗೆ ಯಾರು ಒಪ್ಪಿ ಬಂದರು ಅನ್ನುವುದು, ಇವೆಲ್ಲ ಹೋಲುತ್ತವಾ? ಎರಡು ಗುಂಪಿನ ನಡುವೆ ಬೇರೆ ಇದ್ದ ನೂರು ಸಂಗತಿಗಳಲ್ಲಿ ಭಾಷೆ ಒಂದು.

ಅದೇ ಲೇಖನದ ಮೂರನೇ ಭಾಗ ಸುದ್ದಿಗಳಲ್ಲಿ ಬರುವುದೇ ಇಲ್ಲ. ಅಲ್ಲಿ ಜನರಿಗೆ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಿದರು. ಅಭ್ಯಾಸ ಆಗುತ್ತಾ ಹೋದ ಹಾಗೆ ಎರಡು ಗುಂಪಿನ ನಡುವಿನ ಅಂತರ ಕರಗಿಹೋಯಿತು. ಗಟ್ಟಿಯಾದ, ಆಳವಾದ ಸಾಮರ್ಥ್ಯವೊಂದು ಸ್ವಲ್ಪ ಹೊತ್ತಿನ ಅಭ್ಯಾಸದಿಂದ ಸಮ ಆಗಿಬಿಡುತ್ತದಾ ಅನ್ನುವುದು ಕೇಳಬೇಕಾದ ಪ್ರಶ್ನೆ. ಇದನ್ನು ಕೇಳಿದವರಲ್ಲಿ ಅದೇ ಲೇಖನದ ಸಹಲೇಖಕರಾದ ಕ್ಲೈನ್ ಕೂಡ ಒಬ್ಬರು ಅನ್ನುವುದು ನನಗೆ ಇಷ್ಟದ ಸಂಗತಿ. 2011ರಲ್ಲಿ ಅವರೂ ಮ್ಯಾಥ್ಯೂ ಹಿಲ್ಚಿ ಅವರೂ ಅಲ್ಲಿವರೆಗೆ ಬಂದ ಅಧ್ಯಯನಗಳನ್ನೆಲ್ಲ ರಾಶಿ ಹಾಕಿ ನೋಡಿದರು. ಬೇಡದ್ದನ್ನು ತಡೆಯುವುದರಲ್ಲಿ ಎರಡು ಭಾಷೆಯವರಿಗೆ ಮೇಲುಗೈ ಇದೆ ಅನ್ನುವುದಕ್ಕೆ ಆಧಾರ ಸಾಲದು ಅಂದರು. ಸುಲಭದ, ಕಷ್ಟದ ಎರಡೂ ಸಲ ಒಟ್ಟಾರೆ ವೇಗ ಸ್ವಲ್ಪ ಜಾಸ್ತಿ ಕಾಣುತ್ತದೆ ಅಂತಷ್ಟೇ ಉಳಿಸಿಕೊಂಡರು. ಅದಾದ ಮೇಲೆ 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೆನೆತ್ ಪಾಪ್ ಇನ್ನೂ ಖಡಾಖಂಡಿತವಾಗಿ ಬರೆದರು. ಅವರು ತೋರಿಸಿದ ಒಂದು ವಿಷಯ ನೆನಪಿಡಬೇಕು. ಸೈಮನ್‌ನಲ್ಲಿ ಒಳ್ಳೆಯ ಅಂಕ ಬಂದವರಿಗೆ ಫ್ಲ್ಯಾಂಕರ್‌ನಲ್ಲೂ ಒಳ್ಳೆಯ ಅಂಕ ಬರುತ್ತದೆ ಅಂತ ಇಲ್ಲ. ಎರಡೂ ಒಂದೇ ‘ತಡೆಯುವ ಶಕ್ತಿ’ಯನ್ನು ಅಳೆಯುತ್ತವೆ ಅಂತ ಎಲ್ಲರೂ ನಂಬಿದ್ದರಲ್ಲ, ಆ ನಂಬಿಕೆಯೇ ಅಲುಗಾಡಿತು.

ಆಮೇಲೆ ದೊಡ್ಡ ಅಧ್ಯಯನಗಳು ಬಂದವು. ಸ್ಪೇನಿನಲ್ಲಿ 504 ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನ 2014ರಲ್ಲಿ ಬಂತು, ಅರ್ಧ ಬಾಸ್ಕ್ ಮತ್ತು ಸ್ಪ್ಯಾನಿಷ್ ಎರಡೂ ಆಡುವವರು, ಅರ್ಧ ಬರೀ ಸ್ಪ್ಯಾನಿಷ್. ವ್ಯತ್ಯಾಸ ಕಾಣಲಿಲ್ಲ. ಅಮೆರಿಕದಲ್ಲಿ ಒಂಬತ್ತು, ಹತ್ತು ವರ್ಷದ 4,524 ಮಕ್ಕಳ ಮಾಹಿತಿ 2019ರಲ್ಲಿ ಬಂತು. ಫ್ಲ್ಯಾಂಕರ್ ಸೇರಿ ಮೂರು ಬಗೆಯ ಪರೀಕ್ಷೆ. ಅಲ್ಲೂ ಮೇಲುಗೈ ಇಲ್ಲ. 2018ರಲ್ಲಿ 152 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆ ದೊಡ್ಡವರ ಬಗ್ಗೆ ಬಂತು. ಮೇಲ್ನೋಟಕ್ಕೆ ಬಹಳ ಸಣ್ಣ ಲಾಭ ಇತ್ತು. ಪ್ರಕಟಣೆಯಲ್ಲಿ ಆಗುವ ಪಕ್ಷಪಾತವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಅದೂ ಉಳಿಯಲಿಲ್ಲ.

ಆ ಪಕ್ಷಪಾತ ಏನು ಅಂತ ಹೇಳಲೇಬೇಕು. ಏಂಜೆಲಾ ಡಿ ಬ್ರೂಯಿನ್ ಮತ್ತು ಜೊತೆಗಾರರು ಒಂದು ಜಾಣ ಕೆಲಸ ಮಾಡಿದರು. 1999ರಿಂದ 2012ರವರೆಗೆ ಸಮ್ಮೇಳನಗಳಲ್ಲಿ ಮಂಡನೆಯಾದ, ಈ ವಿಷಯಕ್ಕೆ ಸೇರಿದ 104 ಸಾರಾಂಶಗಳನ್ನು ಹುಡುಕಿ ತೆಗೆದರು. ಅವುಗಳಲ್ಲಿ ಯಾವುದು ಮುಂದೆ ಪೂರ್ತಿ ಲೇಖನವಾಗಿ ಅಚ್ಚಾಯಿತು ಅಂತ ನೋಡಿದರು. ಎರಡು ಭಾಷೆಯವರೇ ಮುಂದೆ ಅಂತ ಪೂರ್ತಿ ಹೇಳಿದವುಗಳಲ್ಲಿ 68 ಶೇಕಡಾ ಅಚ್ಚಾಗಿದ್ದವು. ವ್ಯತ್ಯಾಸ ಇಲ್ಲ ಅಥವಾ ಹಿಂದೆ ಅಂದವುಗಳಲ್ಲಿ 29 ಶೇಕಡಾ ಮಾತ್ರ. ಯಾರೂ ಸುಳ್ಳು ಬರೆದಿರಬೇಕು ಅಂತಿಲ್ಲ. ಏನೂ ಸಿಗಲಿಲ್ಲ ಅನ್ನುವ ಲೇಖನ ಬರೆಯುವ ಉತ್ಸಾಹ ಕಡಿಮೆ, ಅಚ್ಚು ಹಾಕುವವರ ಉತ್ಸಾಹವೂ ಕಡಿಮೆ. ಹೀಗಾಗಿ ಓದುಗರ ಕೈಗೆ ಬರುವುದು ಒಂದೇ ಬದಿಯ ಸುದ್ದಿ. ನೀವು ಮೊದಲು ಓದಿದ್ದು ಆ ಬದಿಯದು.

ಇದನ್ನೆಲ್ಲ ಕೇಳಿ ಎರಡು ಭಾಷೆ ಮೆದುಳಿಗೆ ಏನೂ ಮಾಡುವುದಿಲ್ಲ ಅಂತ ತೀರ್ಮಾನಿಸಿದರೆ ಅದೂ ಅವಸರ. ಯಾಕೆ ಅಂತ ನಮ್ಮೂರಿನಿಂದಲೇ ನೋಡಬಹುದು. ಈ ಅಧ್ಯಯನವನ್ನು ಮಂಗಳೂರಿನಲ್ಲೇ ಮಾಡುವುದು ಅಂತ ಹೊರಟಿರಿ ಅಂತಿಟ್ಟುಕೊಳ್ಳಿ. ಮೊದಲ ದಿನವೇ ಸಿಕ್ಕಿಬೀಳುತ್ತೀರಿ. ಒಂದೇ ಭಾಷೆಯ ಮಗು ಎಲ್ಲಿ ಸಿಗುತ್ತದೆ? ಕೊಂಕಣಿ ಮನೆಯ ಮಗುವಿಗೆ ತುಳು ಬರುತ್ತದೆ, ಕನ್ನಡ ಬರುತ್ತದೆ. ಬ್ಯಾರಿ ಮನೆಯ ಮಗುವಿಗೂ ಹಾಗೆ. ಮನೆಯಲ್ಲಿ ಬರೀ ಕನ್ನಡ ಅನ್ನುವ ಮಗು ಕೂಡ ಗಲ್ಲಿಯಲ್ಲಿ ಕ್ರಿಕೆಟ್ ಆಡುವಾಗ ತುಳುವಿನಲ್ಲಿ ಜಗಳಾಡುತ್ತದೆ. ಸರಿ, ಘಾಟಿ ಹತ್ತಿ ಮಂಡ್ಯ ಕಡೆಯ ಹಳ್ಳಿಯೊಂದರಿಂದ ಒಂದೇ ಭಾಷೆಯ ಮಕ್ಕಳನ್ನು ತಂದಿರಿ. ಈಗ ಪೇಟೆ ಮತ್ತು ಹಳ್ಳಿ, ಇಂಗ್ಲಿಷ್ ಶಾಲೆ ಮತ್ತು ಕನ್ನಡ ಶಾಲೆ, ಮನೆಯಲ್ಲಿ ಕಂಪ್ಯೂಟರ್ ಇರುವವರು ಇಲ್ಲದವರು, ಎಲ್ಲ ಬೆರೆತುಹೋಯಿತು. ಕೆನಡಾ ಮತ್ತು ಭಾರತದ ತೊಂದರೆಯನ್ನೇ ನೀವು ಮಂಗಳೂರು ಮತ್ತು ಮಂಡ್ಯದಲ್ಲಿ ಮತ್ತೆ ಮಾಡಿದಿರಿ. ಮಂಗಳೂರಿನ ಮಕ್ಕಳು ಬೇಗ ಒತ್ತಿದರೆ ಅದು ತುಳುವಿನ ಗುಣವಾ, ಮೊಬೈಲ್ ಆಟದ ಗುಣವಾ ಅಂತ ಹೇಳುವ ದಾರಿ ಇರುವುದಿಲ್ಲ.

ಇಂಥ ತೊಡಕನ್ನು ಚೆನ್ನಾಗಿ ದಾಟಿದವರು ಅಜಿತ್ ಮೊಹಾಂತಿ. ಒಡಿಶಾದ ಫುಲ್ಬಾನಿ ಕಡೆಯ ಕಂಧ ಸಮುದಾಯದಲ್ಲಿ ಕೆಲವು ಊರಿನವರು ತಮ್ಮ ಕುಯಿ ಭಾಷೆಯನ್ನೂ ಒಡಿಯಾವನ್ನೂ ಆಡುತ್ತಾರೆ. ಕೆಲವು ಊರಿನವರು ಕುಯಿ ಬಿಟ್ಟು ಬರೀ ಒಡಿಯಾಕ್ಕೆ ಬಂದಿದ್ದಾರೆ. ಸಮುದಾಯ ಒಂದೇ, ಬದುಕು ಹೆಚ್ಚುಕಡಿಮೆ ಒಂದೇ. ಅಲ್ಲಿ ಎರಡು ಭಾಷೆಯ ಮಕ್ಕಳು ಹಲವು ಪರೀಕ್ಷೆಗಳಲ್ಲಿ ಮುಂದಿದ್ದರು, ಅದರಲ್ಲೂ ಭಾಷೆಯ ಬಗ್ಗೆ ಯೋಚಿಸುವ ಪರೀಕ್ಷೆಗಳಲ್ಲಿ. ಅವು ಬಾಣ ಒತ್ತುವ ಪರೀಕ್ಷೆಗಳಲ್ಲ, ಹಾಗಾಗಿ ನಮ್ಮ ಪ್ರಶ್ನೆಗೆ ಅದು ನೇರ ಉತ್ತರ ಅಲ್ಲ. ಆದರೆ ಹೋಲಿಕೆ ಹೇಗೆ ಮಾಡಬೇಕು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ದೇಶದಲ್ಲಿ ನನಗೆ ಗೊತ್ತಿಲ್ಲ.

ಹಾಗಾದರೆ ಮಂಗಳೂರಿನಲ್ಲಿ ಕೇಳಬೇಕಾದ ಪ್ರಶ್ನೆ ‘ಎಷ್ಟು ಭಾಷೆ’ ಅಲ್ಲ, ‘ಹೇಗೆ ಬಳಸುತ್ತೀರಿ’ ಅನ್ನುವುದು. 2013ರಲ್ಲಿ ಅದೇ ಗ್ರೀನ್ ಅವರು ಜುಬಿನ್ ಅಬುತಾಲೆಬಿ ಜೊತೆ ಸೇರಿ ಈ ಕಡೆಗೆ ತಿರುಗಿದರು. ಅವರು ಮೂರು ಬಗೆಯ ಸನ್ನಿವೇಶ ಗುರುತಿಸಿದರು. ಮೂರೂ ನಿಮ್ಮ ಮನೆಯ ಸುತ್ತಲೇ ಇವೆ. ನಿಮ್ಮ ಮಗಳು ಮನೆಯಲ್ಲಿ “ಎಂಕ್ ಬಡವಾಪುಂಡು” ಅಂತಾಳೆ, ಶಾಲೆಯ ಗೇಟು ದಾಟಿದ ಮೇಲೆ ಬರೀ ಇಂಗ್ಲಿಷ್. ಇದು ಜಾಗಕ್ಕೊಂದು ಭಾಷೆ. ಸ್ಟೇಟ್‌ಬ್ಯಾಂಕ್ ನಿಲ್ದಾಣದ ಬಸ್ ಕಂಡಕ್ಟರನ್ನು ನೋಡಿ. ಮುಂದಿನ ಸೀಟಿನ ಅಜ್ಜಿಗೆ ತುಳು, ಪಕ್ಕದಲ್ಲಿ ಕಾಸರಗೋಡಿನವರಿಗೆ ಮಲಯಾಳ, ಹಿಂದೆ ಕಾಲೇಜು ಹುಡುಗರಿಗೆ ಕನ್ನಡ, ಎಲ್ಲವೂ ಒಂದೇ ನಿಮಿಷದಲ್ಲಿ, ಮುಖ ನೋಡಿ ಭಾಷೆ ಆರಿಸಿ. ಇದು ಎರಡನೆಯದು. ಇಲ್ಲಿ ತಡೆಯುವ, ಹೊರಳುವ ಕೆಲಸ ಅತಿ ಹೆಚ್ಚು ಅಂತ ಅವರ ಊಹೆ. ಮೂರನೆಯದು ನಾವೆಲ್ಲ ಗೆಳೆಯರ ಜೊತೆ ಮಾಡುವುದು. ಒಂದೇ ವಾಕ್ಯದಲ್ಲಿ ತುಳು, ಕನ್ನಡ, ಇಂಗ್ಲಿಷ್ ಕಲಸಿ ಆಡುವುದು. ಅಲ್ಲಿ ಏನನ್ನೂ ಹೆಚ್ಚು ತಡೆಯಬೇಕಾಗಿಲ್ಲ, ಬಾಯಿಗೆ ಯಾವುದು ಬಂತೋ ಅದು.

ಈ ಊಹೆ ನಿಜ ಆದರೆ, ಹಿಂದಿನ ಅಧ್ಯಯನಗಳು ಕಂಡಕ್ಟರನ್ನೂ ಕಲಸಿ ಮಾತಾಡುವವರನ್ನೂ ಒಂದೇ ‘ದ್ವಿಭಾಷಿ’ ಪೆಟ್ಟಿಗೆಗೆ ಹಾಕಿದ್ದರಿಂದ ಫಲಿತಾಂಶ ಒಂದು ಸಲ ಹೌದು ಒಂದು ಸಲ ಇಲ್ಲ ಅಂತ ಬಂದಿರಬಹುದು. ಲಾಭ ಇದೆ ಅನ್ನುವ ಗುಂಪಿನವರು ಈಗ ನಿಂತಿರುವುದು ಹೆಚ್ಚಾಗಿ ಈ ನೆಲದ ಮೇಲೆ. ಅನುಮಾನ ಪಡುವವರು ಹೇಳುವುದೂ ಸರಿಯೇ. ಒಂದು ಮಾತು ನಿಲ್ಲದಾಗ ಇನ್ನೊಂದು ಷರತ್ತು ಸೇರಿಸುತ್ತಾ ಹೋದರೆ ಯಾವ ಸಿದ್ಧಾಂತವನ್ನೂ ಸೋಲಿಸಲಿಕ್ಕೆ ಆಗುವುದಿಲ್ಲ. ನಾನು ಸದ್ಯಕ್ಕೆ ಅನುಮಾನದವರ ಕಡೆ ವಾಲುತ್ತೇನೆ. ಆದರೆ ಕಂಡಕ್ಟರರನ್ನೂ, ಅದೇ ಬಸ್ಸಿನ, ಅಷ್ಟೇ ಓದಿದ ಡ್ರೈವರರನ್ನೂ ಹೋಲಿಸಿ ಯಾರಾದರೂ ಅಧ್ಯಯನ ಮಾಡಿದರೆ ಮೊದಲು ಓದುವವನೂ ನಾನೇ.

ಈಗ ಮಾವನವರ ವಿಷಯ. ಅವರ ಮಾತಿಗೆ ಆಧಾರ ಇಲ್ಲದೆ ಇಲ್ಲ, ಅದೂ ನಮ್ಮ ಪಕ್ಕದ ರಾಜ್ಯದಿಂದಲೇ. ಸುವರ್ಣಾ ಅಲ್ಲಾಡಿ ಮತ್ತು ತಂಡದವರು ಹೈದರಾಬಾದಿನ ನಿಮ್ಸ್ ಆಸ್ಪತ್ರೆಗೆ ಬಂದ 648 ಮರೆವಿನ ಕಾಯಿಲೆಯ ರೋಗಿಗಳ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದರು. ಅವರಲ್ಲಿ 391 ಜನರಿಗೆ ಎರಡು ಅಥವಾ ಹೆಚ್ಚು ಭಾಷೆ ಬರುತ್ತಿತ್ತು. ಈ 391 ಜನರಲ್ಲಿ ಕಾಯಿಲೆಯ ಲಕ್ಷಣ ಒಂದು ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಟೊರಾಂಟೋದಲ್ಲಿ ಇದಕ್ಕೂ ಮೊದಲು ಇಂಥದ್ದೇ ಫಲಿತಾಂಶ ಬಂದಿತ್ತು, ಆದರೆ ಅಲ್ಲಿ ಎರಡು ಭಾಷೆಯವರಲ್ಲಿ ಬಹಳ ಜನ ಬೇರೆ ದೇಶದಿಂದ ವಲಸೆ ಬಂದವರು. ವಲಸೆ ಬರುವವರು ಮೊದಲೇ ಗಟ್ಟಿಮುಟ್ಟಾಗಿರಬಹುದು ಅನ್ನುವ ಅನುಮಾನ ಇತ್ತು. ಹೈದರಾಬಾದಿನಲ್ಲಿ ತೆಲುಗು, ದಖ್ಖನಿ, ಹಿಂದಿ, ಇಂಗ್ಲಿಷ್ ಅಲ್ಲಿಯ ಬೀದಿಯ ಭಾಷೆಗಳೇ. ಆ ಅನುಮಾನ ಅಲ್ಲಿಗೆ ಅಷ್ಟು ಅನ್ವಯಿಸುವುದಿಲ್ಲ. ಓದುಬರಹ ಬಾರದವರಲ್ಲೂ ಅಂತರ ಕಂಡಿತ್ತು, ಅಂದರೆ ಓದಿನಿಂದ ಮಾತ್ರ ಹೀಗಾಯಿತು ಅನ್ನಲಿಕ್ಕೂ ಆಗುವುದಿಲ್ಲ.

ಆದರೆ ಮಾವನವರಿಗೆ ಒಂದು ವಿಷಯ ಹೇಳಿ, ಬೇಸರ ಮಾಡಿಕೊಳ್ಳದಿದ್ದರೆ. ಅದೇ ಅಧ್ಯಯನದಲ್ಲಿ ಎರಡಕ್ಕಿಂತ ಜಾಸ್ತಿ ಭಾಷೆ ಬಂದವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ನಾಲ್ಕು ಭಾಷೆಗೆ ಎರಡು ಪಟ್ಟು ರಕ್ಷಣೆ ಅಂತೇನಿಲ್ಲ.

ಇನ್ನೊಂದು ಮಿತಿ ಇದಕ್ಕಿಂತ ಆಳದ್ದು. ಇದು ಆಸ್ಪತ್ರೆಗೆ ಬಂದವರ ಲೆಕ್ಕ. ಕಾಯಿಲೆ ಯಾವಾಗ ಶುರುವಾಯಿತು ಅನ್ನುವುದು ಮನೆಯವರ ನೆನಪು. ನಾಲ್ಕು ಜನರ ಜೊತೆ ನಾಲ್ಕು ಭಾಷೆಯಲ್ಲಿ ಹರಟುವ ಹಿರಿಯರು ಮೂರು ಹೆಸರು ಮರೆತರೆ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಕರೆದುಕೊಂಡು ಬರುವುದೇ ತಡ. ಈ ತೊಂದರೆ ತಪ್ಪಿಸಬೇಕಾದರೆ ಆರೋಗ್ಯವಾಗಿರುವ ಹಿರಿಯರನ್ನು ಮೊದಲೇ ಗುರುತಿಸಿ ವರ್ಷಗಟ್ಟಲೆ ಹಿಂಬಾಲಿಸಬೇಕು. ನ್ಯೂಯಾರ್ಕಿನಲ್ಲಿ ಸ್ಪ್ಯಾನಿಷ್ ಮಾತಾಡುವ 1,067 ವಲಸಿಗರನ್ನು ಹಾಗೆ ಹಿಂಬಾಲಿಸಿದರು, ಕೆಲವರನ್ನು 23 ವರ್ಷದವರೆಗೆ. ಇಂಗ್ಲಿಷೂ ಬರುತ್ತಿದ್ದವರು ಶುರುವಿನಲ್ಲಿ ನೆನಪಿನ, ಹಿಡಿತದ ಪರೀಕ್ಷೆಗಳಲ್ಲಿ ಮುಂದಿದ್ದರು. ಆದರೆ ವರ್ಷ ಕಳೆದ ಹಾಗೆ ನೆನಪು ಕುಂದುವ ವೇಗದಲ್ಲಾಗಲಿ, ಮರೆವಿನ ಕಾಯಿಲೆ ಬಂದ ಪ್ರಮಾಣದಲ್ಲಾಗಲಿ ವ್ಯತ್ಯಾಸ ಇರಲಿಲ್ಲ. ಹಾಗಾಗಿ ಮಾವನವರ ನೆನಪು ಗಟ್ಟಿ ಇರುವುದಕ್ಕೆ ಖುಷಿ ಪಡಿ. ಕಾರಣ ಭಾಷೆಯೇ ಅಂತ ಬರೆದುಕೊಡಲಿಕ್ಕೆ ನನ್ನಿಂದ ಆಗುವುದಿಲ್ಲ. ಅವರು ಮುಂದೆ ಏನಾದರೂ ಮರೆಯಲು ಶುರುಮಾಡಿದರೆ, ‘ಅವರಿಗೆ ನಾಲ್ಕು ಭಾಷೆ ಇದೆ, ಏನಾಗುವುದಿಲ್ಲ’ ಅಂತ ಸುಮ್ನೆ ಕೂರಬೇಡಿ.

ಕೊನೆಗೆ ಟೀಚರ್ ಹೇಳಿದ್ದು. ಅವರಿಗೆ ಹಾಗೆ ಅನಿಸುವುದಕ್ಕೆ ಒಂದು ನಿಜವಾದ ಕಾರಣ ಇದೆ. ಎರಡು ಭಾಷೆಯ ಮಕ್ಕಳಿಗೆ ಒಂದೊಂದು ಭಾಷೆಯಲ್ಲಿ ಗೊತ್ತಿರುವ ಪದಗಳು ಸರಾಸರಿ ಸ್ವಲ್ಪ ಕಡಿಮೆ ಇರುತ್ತವೆ. ಮನಸ್ಸಿನ ಹಿಡಿತದ ಲಾಭಕ್ಕಿಂತ ಈ ವಿಷಯ ಎಷ್ಟೋ ಗಟ್ಟಿ. ಬಿಯಾಲಿಸ್ಟಾಕ್ ತಂಡವೇ ಮೂರರಿಂದ ಹತ್ತು ವರ್ಷದ 1,738 ಮಕ್ಕಳಲ್ಲಿ ಇದನ್ನು ತೋರಿಸಿತು. ಆದರೆ ಒಳಗೆ ಇಣುಕಿ ನೋಡಿದಾಗ, ಕಡಿಮೆ ಇದ್ದದ್ದು ಹೆಚ್ಚಾಗಿ ಮನೆಯ ಪದಗಳು, ಅಂದರೆ ಅಡುಗೆಮನೆ, ಪಾತ್ರೆಪಗಡಿಯಂಥವು. ಶಾಲೆಯಲ್ಲಿ ಬಳಸುವ ಇಂಗ್ಲಿಷ್ ಪದಗಳಲ್ಲಿ ಎರಡು ಗುಂಪೂ ಹೆಚ್ಚುಕಡಿಮೆ ಸಮ ಇದ್ದವು. ಇದರಲ್ಲಿ ಆಶ್ಚರ್ಯ ಏನಿದೆ? ನಿಮ್ಮ ಮಗಳಿಗೆ ಸೌಟಿಗೆ, ಒನಕೆಗೆ ಇಂಗ್ಲಿಷ್ ಬಾರದಿರಬಹುದು. ಅವನ್ನು ಅವಳು ತುಳುವಿನಲ್ಲಿ ಕಲಿತಿದ್ದಾಳೆ. ಬರೀ ಇಂಗ್ಲಿಷ್ ಪದ ಎಣಿಸಿದರೆ ಅವಳು ಹಿಂದೆ ಕಾಣುತ್ತಾಳೆ. ತುಳು, ಕನ್ನಡ, ಇಂಗ್ಲಿಷ್ ಮೂರೂ ಕೂಡಿಸಿ ಎಣಿಸಿದರೆ ಚಿತ್ರವೇ ಬೇರೆ.

ಮನೆಯಲ್ಲಿ ತುಳು ನಿಲ್ಲಿಸಿದರೆ ಆ ಜಾಗಕ್ಕೆ ಬರುವುದು ಶಾಲೆಯ ಇಂಗ್ಲಿಷ್ ಅಲ್ಲ, ನಿಮ್ಮ ಇಂಗ್ಲಿಷ್. ನೀವು ಅದರಲ್ಲಿ ಸಲೀಸಾಗಿ ಬೈಯಲು, ತಮಾಷೆ ಮಾಡಲು, ಕತೆ ಹೇಳಲು ಆಗುವವರಾದರೆ ಬೇರೆ ಮಾತು. ಇಲ್ಲದಿದ್ದರೆ ಮಾತೇ ಕಡಿಮೆಯಾಗುತ್ತದೆ. ಮಗುವಿನ ಭಾಷೆ ಬೆಳೆಯುವುದು ಕಿವಿಗೆ ಬೀಳುವ ಮಾತಿನ ಪ್ರಮಾಣ, ಗುಣದ ಮೇಲೆ. ಅವಳ ಇಂಗ್ಲಿಷ್ ಹೆಚ್ಚಬೇಕಾದರೆ ದಿನಾ ಸ್ವಲ್ಪ ಹೊತ್ತು ಇಂಗ್ಲಿಷ್ ಪುಸ್ತಕ ಒಟ್ಟಿಗೆ ಓದಿ, ಅದರ ಬಗ್ಗೆ ತುಳುವಿನಲ್ಲೇ ಮಾತಾಡಿ.

ಒಂದು ಸಂಗತಿಯನ್ನು ಮಾತ್ರ ನೋಡಿಕೊಳ್ಳಿ. ಇಂಗ್ಲಿಷ್‌ನಲ್ಲಿ ಮಾತ್ರ ತಡವರಿಸಿ ತುಳುವಿನಲ್ಲಿ ಪಟಪಟ ಮಾತಾಡಿದರೆ ಚಿಂತೆ ಬೇಡ, ಅದು ಬಳಕೆ ಸಾಲದ್ದು. ತುಳುವಿನಲ್ಲೂ ಉದ್ದ ವಾಕ್ಯ ಬರುವುದಿಲ್ಲ, ಶಾಲೆಯಲ್ಲಿ ನಡೆದದ್ದನ್ನು ಮೊದಲು ಇದು ಆಮೇಲೆ ಅದು ಅಂತ ಹೇಳಲಿಕ್ಕೆ ಆಗುವುದಿಲ್ಲ, ಎರಡು ಕೆಲಸ ಒಟ್ಟಿಗೆ ಹೇಳಿದರೆ ತಿಳಿಯುವುದಿಲ್ಲ ಅಂತಾದರೆ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ, ಆಮೇಲೆ ಮಾತಿನ ತಜ್ಞರಿಗೆ ತೋರಿಸಿ. ತುಳು ಗೊತ್ತಿರುವ ತಜ್ಞರನ್ನೇ ಕೇಳಿ, ಅವಳ ಎಲ್ಲ ಭಾಷೆಗಳಲ್ಲೂ ಪರೀಕ್ಷಿಸಲು ಹೇಳಿ.